ಮೊದಲ ವಾಯ್ಸ್ ನೋಟ್ ಮತ್ತು ದನಿಯ ಧಾಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಡಬ್ಬಿಂಗ್ ಕೆಲಸ ಮಾಡುವವಳು. ದಿನವಿಡೀ ಸ್ಟುಡಿಯೋದಲ್ಲಿ ನಿಂತು ‘ಬನ್ನಿ’ ಅನ್ನುವ ಒಂದೇ ಮಾತನ್ನು ಹತ್ತು ಥರ ಹೇಳುತ್ತಿರುತ್ತೇನೆ. ಅದಕ್ಕೇ ಇರಬೇಕು, ಮೇಲಿನ ಮನೆಯವರಿಂದ ಹಿಡಿದು ತಂಗಿಯ ಆಫೀಸಿನವರ ತನಕ ಎಲ್ಲರೂ ವಾಟ್ಸಾಪ್ ವಾಯ್ಸ್ ನೋಟ್ ಬಗ್ಗೆ ನನ್ನನ್ನೇ ಕೇಳುತ್ತಾರೆ. ಅದರಲ್ಲೂ ಜಾಸ್ತಿ ಬರುವುದು ಮೊದಲ ನೋಟಿನ ಪ್ರಶ್ನೆ. ಇನ್ನೂ ಮುಖ ನೋಡದ, ಸರಿಯಾಗಿ ಪರಿಚಯವಿಲ್ಲದ ಒಬ್ಬರಿಗೆ ಟೈಪ್ ಮಾಡುವ ಬದಲು ದನಿಯಲ್ಲೇ ನಮಸ್ಕಾರ ಹೇಳಿದರೆ ಅದು ಅವರ ಕಿವಿಗೆ ಹೇಗೆ ಬೀಳುತ್ತದೆ ಅನ್ನುವುದು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಶುರುವಿನವು

ಹೊಸಬರಿಗೆ ಮೊದಲ ಸಲವೇ ವಾಯ್ಸ್ ಕಳಿಸಿದ್ರೆ ಅಧಿಕಪ್ರಸಂಗ ಆಗಲ್ವಾ?

ನೀವು ಯಾರು ಅಂತ ಅವರಿಗೆ ಗೊತ್ತಿದ್ದರೆ ಆಗುವುದಿಲ್ಲ. ಗೊತ್ತಿಲ್ಲದಿದ್ದರೆ ಆಗುತ್ತದೆ. ವ್ಯತ್ಯಾಸ ಇಷ್ಟೇ.

ಟೈಪ್ ಮಾಡಿದ ಮೆಸೇಜನ್ನು ಕಣ್ಣು ಒಂದೇ ನೋಟಕ್ಕೆ ಓದಿಬಿಡುತ್ತದೆ. ಬೇಡವಾದರೆ ಬಿಡಬಹುದು. ವಾಯ್ಸ್ ನೋಟಿನಲ್ಲಿ ಏನಿದೆ ಅಂತ ಕೇಳಿಯೇ ತಿಳಿಯಬೇಕು. ಅಂದರೆ ಅದು ಎದುರಿನವರ ಸಮಯವನ್ನು ಮೊದಲೇ ಕೇಳುತ್ತದೆ, ವಿಷಯವನ್ನು ಆಮೇಲೆ ಹೇಳುತ್ತದೆ. ಗೊತ್ತಿಲ್ಲದ ನಂಬರಿನಿಂದ ಬಂದರೆ ಯಾವುದೋ ಸಾಲದ ಕಂಪನಿಯೋ ಮೋಸದವರೋ ಅಂತ ಅನುಮಾನ ಬರುವುದೂ ಸಹಜ.

ಹಾಗಾಗಿ ನೋಟಿನ ಮೇಲೆ ಟೈಪ್ ಮಾಡಿದ ಒಂದು ಸಾಲು ಇರಲಿ. ಹೆಸರು, ಯಾರ ಕಡೆಯಿಂದ, ಯಾಕೆ. ‘ನಮಸ್ಕಾರ, ನಾನು ನಿಮ್ಮ ಅಕ್ಕನ ಸ್ನೇಹಿತೆ, ಸಂಗೀತ ಪಾಠದ ವಿಷಯ, ವಾಯ್ಸ್‌ನಲ್ಲಿ ಹೇಳಿದ್ದೇನೆ.’ ಇಷ್ಟು ಸಾಕು. ಈ ಸಾಲು ಬಾಗಿಲು ತಟ್ಟಿದ ಹಾಗೆ. ಆಮೇಲೆ ಬರುವ ದನಿಗೆ ಅವರ ಕಿವಿ ತಯಾರಾಗಿರುತ್ತದೆ.

ಟೈಪ್ ಮಾಡಿದ್ರೆ ಮುಗಿಯುತ್ತಲ್ಲ, ದನಿ ಯಾಕೆ ಬೇಕು?

ಅಡ್ರೆಸ್ಸು, ಟೈಮು, ದುಡ್ಡಿನ ಲೆಕ್ಕಕ್ಕೆ ಟೈಪೇ ಸರಿ. ಅದಕ್ಕೆಲ್ಲ ವಾಯ್ಸ್ ಕಳಿಸುವವರನ್ನು ಕಂಡರೆ ನನಗೂ ಕೋಪವೇ. ದನಿ ಬೇಕಾಗುವುದು ‘ನಾನು ಯಾವ ಮನಸ್ಸಿನಿಂದ ಹೇಳುತ್ತಿದ್ದೇನೆ’ ಅನ್ನುವುದೂ ತಲುಪಬೇಕಾದಾಗ.

‘ಹೇಳಿ’ ಅನ್ನುವ ಪದ ತೆಗೆದುಕೊಳ್ಳಿ. ಫೋನ್ ಎತ್ತಿದ ತಕ್ಷಣ ನಾವು ಅನ್ನುವುದೇ ಅದು. ದನಿ ಸ್ವಲ್ಪ ಮೇಲೆ ಹೋಗಿ ‘ಹೇಳೀ…’ ಅಂದರೆ ಸಂತೋಷದಿಂದ ಕೇಳುತ್ತಿದ್ದಾರೆ ಅಂತ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದರೆ ‘ಏನು ಬೇಕು, ಬೇಗ ಬೊಗಳು’ ಅಂದಂತೆ ಕಾಣುತ್ತದೆ. ಕಳಿಸಿದವರ ತಲೆಯಲ್ಲಿ ರಾಗ ಇತ್ತು, ಸ್ಕ್ರೀನಿಗೆ ಅದು ಬರಲಿಲ್ಲ. ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಹ್ರಸ್ವ ದೀರ್ಘವೂ ಹೋಗಿಬಿಡುತ್ತದಲ್ಲ, ಅದರಿಂದ ಇನ್ನೂ ಕಷ್ಟ.

ಇದನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಲೇಜು ಹುಡುಗರಿಗೆ ಕೆಲವು ಮಾತು ಕೊಟ್ಟು, ಒಂದಷ್ಟನ್ನು ನಿಜವಾಗಿ, ಒಂದಷ್ಟನ್ನು ವ್ಯಂಗ್ಯವಾಗಿ ಕಳಿಸಲು ಹೇಳಿದರು. ನೂರಕ್ಕೆ 78 ಸಲ ಎದುರಿನವರಿಗೆ ಗೊತ್ತಾಗುತ್ತದೆ ಅಂತ ಕಳಿಸಿದವರು ಅಂದುಕೊಂಡಿದ್ದರು. ದನಿಯಲ್ಲಿ ಹೇಳಿದಾಗ ಸುಮಾರು 73 ಸಲ ಗೊತ್ತಾಯಿತು. ಇಮೇಲ್‌ನಲ್ಲಿ 56. ಸುಮ್ನೆ ಕಣ್ಣು ಮುಚ್ಚಿ ಊಹೆ ಮಾಡಿದರೂ 50 ಸಿಗುತ್ತಿತ್ತು! ನನಗೆ ಇದರಲ್ಲಿ ಇಷ್ಟವಾದದ್ದು 56 ಅಲ್ಲ, ಆ 78. ನಮ್ಮ ಟೋನ್ ಅವರಿಗೆ ಗೊತ್ತಾಗಿದೆ ಅಂತ ನಾವು ಟೈಪ್ ಮಾಡಿದಾಗಲೂ ಅಷ್ಟೇ ಗಟ್ಟಿಯಾಗಿ ನಂಬಿರುತ್ತೇವೆ.

ಎಷ್ಟು ಸೆಕೆಂಡ್ ಇರ್ಬೇಕು?

ಮೊದಲ ನೋಟು ಹತ್ತರಿಂದ ಇಪ್ಪತ್ತು ಸೆಕೆಂಡು. ಕಳಿಸಿದ ತಕ್ಷಣ ಅವರಿಗೆ ಕಾಣುವುದು ನಿಮ್ಮ ದನಿಯಲ್ಲ, ನೋಟಿನ ಉದ್ದ. ‘1:47’ ಅಂತ ಕಂಡರೆ ರಾತ್ರಿ ಕೇಳೋಣ ಅಂತ ಪಕ್ಕಕ್ಕಿಡುತ್ತಾರೆ. ಆ ರಾತ್ರಿ ಬರುವುದಿಲ್ಲ.

ನನ್ನ ದನಿ ನನಗೇ ಕೇಳೋಕಾಗಲ್ಲ. ಇದನ್ನ ಬೇರೆಯವರಿಗೆ ಹೇಗೆ ಕಳಿಸ್ಲಿ?

ನೀವು ಮಾತಾಡುವಾಗ ನಿಮ್ಮ ದನಿ ನಿಮಗೆ ಎರಡು ದಾರಿಯಲ್ಲಿ ಕೇಳುತ್ತದೆ. ಒಂದು ಗಾಳಿಯಲ್ಲಿ ಬಂದು ಕಿವಿಗೆ, ಇನ್ನೊಂದು ತಲೆಯ ಮೂಳೆಯ ಒಳಗಿಂದ. ಮೂಳೆಯ ದಾರಿಯಲ್ಲಿ ತಗ್ಗು ದನಿ ಚೆನ್ನಾಗಿ ಸಾಗುತ್ತದೆ. ಅದಕ್ಕೇ ನಮ್ಮ ದನಿ ನಮಗೆ ತುಂಬಿಕೊಂಡ ಹಾಗೆ ಕೇಳುತ್ತದೆ. ರೆಕಾರ್ಡಿಂಗಿನಲ್ಲಿ ಗಾಳಿಯ ಪಾಲು ಮಾತ್ರ ಇರುತ್ತದೆ, ತೆಳು ಅನಿಸುತ್ತದೆ. ಆದರೆ ಮಿಕ್ಕವರೆಲ್ಲ ಹುಟ್ಟಿದಾಗಿನಿಂದ ನಿಮ್ಮ ಆ ತೆಳು ದನಿಯನ್ನೇ ಕೇಳಿರುವುದು. ಅವರಿಗೆ ಹೊಸದೇನೂ ಇಲ್ಲ.

ಇದನ್ನು ಸರಿಮಾಡಲು ಹೋಗಿ ದನಿ ದಪ್ಪ ಮಾಡಿಕೊಂಡು ಮಾತಾಡುತ್ತಾರಲ್ಲ, ಅದೇ ಅಪಾಯ. ಮೊದಲ ನೋಟಿನಲ್ಲಿ ವಾರ್ತೆ ಓದುವವರ ಹಾಗೆ ಕೇಳುತ್ತದೆ.

## ದನಿಯೊಳಗೆ ಏನಿದೆ

ಬರೀ ಒಂದು ‘ನಮಸ್ಕಾರ’ದಲ್ಲಿ ಕೇಳೋರಿಗೆ ಏನು ಗೊತ್ತಾಗುತ್ತೆ?

ಗೊತ್ತಾಗುವುದು ಕಡಿಮೆ, ತೀರ್ಮಾನವಾಗುವುದು ಜಾಸ್ತಿ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2014ರಲ್ಲಿ ಒಂದು ಕೆಲಸ ಮಾಡಿದರು. 64 ಜನ ‘ಹಲೋ’ ಅಂದಿದ್ದನ್ನು ರೆಕಾರ್ಡ್ ಮಾಡಿ, 320 ಜನರಿಗೆ ಕೇಳಿಸಿದರು. ಒಂದೊಂದು ಹಲೋ ಅರ್ಧ ಸೆಕೆಂಡೂ ಇರಲಿಲ್ಲ. ಈ ಮನುಷ್ಯನನ್ನು ನಂಬಬಹುದಾ, ಇವನು ಜೋರಿನವನಾ ಅಂತ ಕೇಳಿದರು. ಒಬ್ಬೊಬ್ಬರು ಒಂದೊಂದು ಹೇಳಬೇಕಿತ್ತು ಅಲ್ವಾ? ಇಲ್ಲ, ಹೆಚ್ಚುಕಡಿಮೆ ಎಲ್ಲರ ತೀರ್ಪು ಒಂದೇ ಕಡೆ ಬಂತು. ಆ ತೀರ್ಪು ನಿಜವೇ ಅನ್ನುವುದು ಬೇರೆ ಮಾತು. ಅವರು ನೋಡಿದ್ದು ಆ ಮನುಷ್ಯ ಎಂಥವನು ಅಂತಲ್ಲ, ಕೇಳಿದವರಿಗೆ ಎಂಥವನು ಅನ್ನಿಸಿತು ಅಂತ.

ನಮ್ಮ ‘ನಮಸ್ಕಾರ’ಕ್ಕೆ ಬರೋಣ. ಇದರಲ್ಲಿ ಉದ್ದ ಸ್ವರ ಇರುವುದು ‘ಸ್ಕಾ’ದಲ್ಲಿ ಮಾತ್ರ. ದನಿ ಏರುವುದೂ ಅಲ್ಲೇ. ‘ನಮ’ ಮೇಲೆ ಒತ್ತು ಹಾಕಿ, ‘ಸ್ಕಾರ’ವನ್ನು ಥಟ್ಟನೆ ಕೆಳಗೆ ಬೀಳಿಸಿದರೆ ದೂರು ಕೊಡಲು ಬಂದವರ ನಮಸ್ಕಾರ ಆಗುತ್ತದೆ. ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಕೇಳಿರುತ್ತೀರಿ. ‘ಸ್ಕಾ’ದಲ್ಲಿ ಏರಿಸಿ, ಕೊನೆಯ ‘ರ’ವನ್ನು ನಿಧಾನವಾಗಿ ಇಳಿಸಿದರೆ ಕೈ ಮುಗಿದು ಹೇಳಿದ ಹಾಗೆ. ಕೊನೆಯಲ್ಲೂ ಏರಿಸಿದರೆ ‘ನಮಸ್ಕಾರಾ?’ ಅಂತ ಪ್ರಶ್ನೆ ಕೇಳಿದಂತಾಗಿ ಅಂಜಿಕೆ ಕಾಣುತ್ತದೆ.

ಪರೀಕ್ಷೆ ಮಾಡಬೇಕಾ? ಮೂರೂ ಥರ ರೆಕಾರ್ಡ್ ಮಾಡಿ ನಿಮ್ಮ ನಂಬರಿಗೇ ಕಳಿಸಿಕೊಳ್ಳಿ. ಒಂದು ಗಂಟೆ ಬಿಟ್ಟು ಕೇಳಿ. ತಕ್ಷಣ ಕೇಳಿದರೆ ತಲೆಯಲ್ಲಿದ್ದ ರಾಗವೇ ಕೇಳಿಸುತ್ತದೆ, ರೆಕಾರ್ಡ್ ಆಗಿದ್ದಲ್ಲ.

‘ಊಟ ಆಯ್ತಾ’ ಅಂತ ಪ್ರೀತಿಯಿಂದಾನೇ ಕೇಳ್ದೆ. ವಿಚಾರಣೆ ಮಾಡಿದ ಹಾಗಿತ್ತು ಅಂದ್ರು. ಯಾಕೆ?

ಕನ್ನಡದಲ್ಲಿ ಮರ್ಯಾದೆ, ಪ್ರೀತಿ, ಕೋರಿಕೆ ಮೂರೂ ಕೂತಿರುವುದು ಪದದ ಬಾಲದಲ್ಲಿ. ‘ಬನ್ನಿ’ ಅಂದರೆ ಕರೆ, ‘ಬನ್ನೀ…’ ಅಂದರೆ ಉಪಚಾರ. ‘ಸರಿ’ ಅಂದರೆ ಮುಗಿಯಿತು, ‘ಸರೀ…’ ಅಂದರೆ ಒಪ್ಪಿದೆ, ಇನ್ನೂ ಹೇಳಿ. ‘ಆಯ್ತಾ’ದ ಕೊನೆಯ ‘ಆ’ ಸ್ವಲ್ಪ ಎಳೆದು ಮೇಲೆ ಹೋದರೆ ಕುಶಲ ಕೇಳಿದಂತೆ. ತುಂಡಾಗಿ ಕೆಳಗೆ ಬಿದ್ದರೆ ಹೋಮ್‌ವರ್ಕ್ ಆಯ್ತಾ ಅನ್ನುವ ಮೇಷ್ಟರ ದನಿ.

ಇಲ್ಲಿ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಬಹಳ ಸಲ ಬಾಲ ಕತ್ತರಿಸುವುದು ನಿಮ್ಮ ನಾಲಿಗೆಯಲ್ಲ, ಹೆಬ್ಬೆರಳು. ಮೈಕ್ ಗುಂಡಿ ಒತ್ತಿ ಹಿಡಿದು ಮಾತಾಡುವವರು ಕೊನೆಯ ಪದ ಮುಗಿಯುವ ಮೊದಲೇ ಬೆರಳು ತೆಗೆಯುತ್ತಾರೆ. ‘ಊಟ ಆಯ್ತಾ…’ ಅಂದಿದ್ದು ‘ಊಟ ಆಯ್ತ್’ ಅಂತ ಹೋಗುತ್ತದೆ. ಶುರುವಿನಲ್ಲೂ ಹೀಗೇ. ಒತ್ತಿದ ಕ್ಷಣವೇ ಬಾಯಿ ತೆರೆದರೆ ‘ನ’ ಸಿಕ್ಕುವುದಿಲ್ಲ, ಎದುರಿನವರಿಗೆ ‘ಮಸ್ಕಾರ’ ತಲುಪುತ್ತದೆ. ಬೆಣ್ಣೆ ಹಚ್ಚಲು ಬಂದ ಹಾಗೆ!

ಗುಂಡಿಯನ್ನು ಒತ್ತಿ ಮೇಲಕ್ಕೆ ಎಳೆದರೆ ಬೀಗದ ಗುರುತು ಬಂದು ರೆಕಾರ್ಡಿಂಗ್ ತಾನಾಗಿ ನಡೆಯುತ್ತದೆ. ಬೆರಳು ತೆಗೆಯಿರಿ, ಒಂದು ಉಸಿರು ಬಿಡಿ, ಆಮೇಲೆ ಮಾತಾಡಿ. ಮುಗಿದ ಮೇಲೂ ಮನಸ್ಸಿನಲ್ಲೇ ‘ಒಂದು’ ಅಂತ ಎಣಿಸಿ ನಿಲ್ಲಿಸಿ. ಕಳಿಸುವ ಮೊದಲು ಅಲ್ಲೇ ಕೇಳಿ ನೋಡಬಹುದು. ನನ್ನ ಹತ್ತಿರ ‘ನನ್ನ ಟೋನ್ ಒರಟು’ ಅಂತ ಬಂದವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ಇಷ್ಟಕ್ಕೇ ಮುಗಿದಿದೆ.

ನಗ್ತಾ ಮಾತಾಡಿದ್ರೆ ಕೇಳೋರಿಗೆ ಕಾಣುತ್ತಾ?

ಕೇಳುತ್ತದೆ. ನಗುವಾಗ ತುಟಿ ಹಿಂದಕ್ಕೆ ಸರಿಯುತ್ತದೆ, ಬಾಯಿಯ ಕೊಳವೆ ಗಿಡ್ಡವಾಗುತ್ತದೆ, ಸ್ವರಗಳು ತೆಳುವಾಗಿ ಹೊಳಪಾಗುತ್ತವೆ. 1980ರಷ್ಟು ಹಿಂದೆಯೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ, ಮುಖ ನೋಡದೆ ಬರೀ ದನಿಯಿಂದ ನಗುವನ್ನು ಗುರುತಿಸಿದ್ದರು. ಡಬ್ಬಿಂಗಿನಲ್ಲಿ ನಾವು ಅದನ್ನೇ ಮಾಡುವುದು. ಆದರೆ ಇಡೀ ನೋಟನ್ನು ನಗುತ್ತಾ ಹೇಳಬೇಡಿ, ಕಸ್ಟಮರ್ ಕೇರ್ ಆಗುತ್ತದೆ. ‘ನಮಸ್ಕಾರ’ಕ್ಕೆ ಒಂದು, ನಿಮ್ಮ ಹೆಸರಿಗೆ ಒಂದು ಸಾಕು.

ನಾನು ಹುಬ್ಬಳ್ಳಿ ಕಡೆಯವ. ವಾಯ್ಸ್ ಕಳಿಸಿದ್ರ ಬೆಂಗಳೂರಿನವ್ರು ಜಗಳಕ್ಕ ಬಂದಾನ ಅಂತಾರಲ್ರಿ?

ನಿಮ್ಮ ಕಡೆ ಮಾತು ಗಟ್ಟಿಯಾಗಿ ಶುರುವಾಗುತ್ತದೆ. ಮರ್ಯಾದೆ ಕೊನೆಯ ‘ರೀ’ಯಲ್ಲಿ ಬರುತ್ತದೆ. ‘ಏನ್ರೀ, ಹ್ಯಾಂಗದೀರಿ’ ಅನ್ನುವುದು ನಿಮ್ಮಲ್ಲಿ ಅಪ್ಪಿಕೊಂಡ ಹಾಗೆ. ಬೆಂಗಳೂರು, ಮೈಸೂರು ಕಡೆಯವರಿಗೆ ‘ಏನ್ರೀ’ ಮೊದಲಿಗೇ ಗಟ್ಟಿಯಾಗಿ ಬಿದ್ದರೆ ಅದು ತಕರಾರು. ‘ಏನ್ರೀ ಇದು?’ ಅಂತ ನಾವು ಅನ್ನುವುದು ಆಟೋದವರು ಮೀಟರ್ ಮೇಲೆ ಕೇಳಿದಾಗಲೇ.

ಕರಾವಳಿಯವರದು ಇನ್ನೊಂದು ಪಾಡು. ಅವರು ಎಲ್ಲ ಸ್ವರವನ್ನೂ ಪೂರ್ತಿ ಹೇಳುತ್ತಾರೆ. ‘ನಾನು ಬರುತ್ತೇನೆ’ ಅಂತ ಮನೆಮಾತಿನಂತೆಯೇ ಹೇಳಿದರೂ ಇಲ್ಲಿನವರಿಗೆ ಬಿಗಿಯಾಗಿ, ಪುಸ್ತಕದ ಮಾತಿನಂತೆ ಕೇಳುತ್ತದೆ. ಇನ್ನು ನಾವು ಬೆಂಗಳೂರಿನವರು ‘ಮಾಡ್ಬಿಟ್ಟು ಹೇಳ್ತೀನಿ ಬಿಡಿ’ ಅಂತ ಸ್ವರಗಳನ್ನೆಲ್ಲ ನುಂಗಿ ಹೇಳಿದರೆ ಧಾರವಾಡದವರಿಗೆ ಉಡಾಫೆ ಅನಿಸುತ್ತದೆ.

ಭಾಷೆ ಬದಲಿಸಬೇಡಿ. ಬದಲಿಸಿದರೆ ನಾಟಕ ಗೊತ್ತಾಗುತ್ತದೆ. ಎರಡನೇ ಮಾತಿನಲ್ಲೇ ಊರು ಹೇಳಿಬಿಡಿ. ‘ನಮಸ್ಕಾರ್ರೀ, ನಾನು ಹುಬ್ಬಳ್ಳಿಯವ’ ಅಂದ ತಕ್ಷಣ ಕೇಳುವವರ ಕಿವಿ ಅಳತೆ ಬದಲಿಸಿಕೊಳ್ಳುತ್ತದೆ. ಗಟ್ಟಿ ದನಿ ಸಿಟ್ಟಿನ ಲೆಕ್ಕದಿಂದ ಊರಿನ ಲೆಕ್ಕಕ್ಕೆ ಹೋಗುತ್ತದೆ.

## ಒಂದು ನೋಟನ್ನು ಬಿಡಿಸಿ ನೋಡಿದರೆ

ಸುಮ್ನೆ ಹೇಳೋದಲ್ಲ, ಒಂದು ನೋಟ್ ತಗೊಂಡು ತೋರಿಸ್ತೀರಾ?

ನಮ್ಮ ಪರಿಚಯದ ಹುಡುಗ ಒಬ್ಬ ಬಾಡಿಗೆ ಮನೆ ಹುಡುಕುತ್ತಿದ್ದ. ಹಾಸನದ ಕಡೆಯವನು, ಜೆ.ಪಿ. ನಗರದಲ್ಲಿ ಕೆಲಸ, ಆರು ತಿಂಗಳ ಹಿಂದೆ ಮದುವೆಯಾಗಿತ್ತು. ಹನುಮಂತನಗರದ ಒಂದು ಟು-ಲೆಟ್ ಬೋರ್ಡ್ ನೋಡಿ ಓನರ್‌ಗೆ ವಾಯ್ಸ್ ಕಳಿಸಿದ. ಓನರ್ ವಯಸ್ಸಾದ ಹೆಂಗಸು. ನೋಟು 41 ಸೆಕೆಂಡು. ನನಗೆ ಕೇಳಿಸಿದ. ಅದು ಹೀಗಿತ್ತು:

‘ಹಲೋ… ಆ… ಹಾಯ್ ಮೇಡಂ, ಆಕ್ಚುಲಿ ನಿಮ್ಮ ಬೋರ್ಡ್ ನೋಡ್ದೆ. ಒಂದ್ನಿಮಿಷ… ಹಾಂ, ರೆಂಟ್ ಎಷ್ಟು ಹೇಳ್ತಿದೀರಾ, ಅಡ್ವಾನ್ಸ್ ಎಷ್ಟು, ಕಾವೇರಿ ನೀರು ಇದ್ಯಾ, ಬೈಕ್ ನಿಲ್ಸೋಕೆ ಜಾಗ…’

ಮಧ್ಯೆ ಒಂದು ಬಸ್ಸು ಹಾರ್ನ್ ಹೊಡೆಯಿತು. ಅವನು ಅದರ ಮೇಲೆ ದನಿ ಏರಿಸಿದ. ಅಲ್ಲಿಂದ ಕೊನೆಯ ತನಕ ಆ ಏರಿದ ದನಿ ಇಳಿಯಲೇ ಇಲ್ಲ. ರಸ್ತೆಯಲ್ಲಿ ನಿಂತಾಗ ಅವನಿಗೆ ಅದು ಮಾಮೂಲು. ಮನೆಯ ಹಾಲ್‌ನಲ್ಲಿ ಕೂತು ಕೇಳುವವರಿಗೆ ಬಸ್ಸು ಹೋದ ಮೇಲೂ ಯಾರೋ ಕೂಗಾಡುತ್ತಿರುವ ಹಾಗೆ. ತನ್ನ ಹೆಸರನ್ನಂತೂ ಹೇಳಲೇ ಇಲ್ಲ. ಸಂಜೆ ಟೈಪ್ ಮಾಡಿದ ಒಂದೇ ಪದ ಬಂತು, ‘ಕೊಟ್ಟಾಗಿದೆ’. ನಿಜಕ್ಕೂ ಕೊಟ್ಟಿದ್ದರೋ ಏನೋ, ಅದು ಟೋನಿನ ತಪ್ಪೇ ಅಂತ ನಾನು ಹೇಳುವುದಿಲ್ಲ.

ಮುಂದಿನ ವಾರ ಗಿರಿನಗರದ ಇನ್ನೊಂದು ಬೋರ್ಡು. ಈ ಸಲ ಮೊದಲು ಟೈಪ್ ಮಾಡಿದ ಒಂದು ಸಾಲು, ಅದರ ಕೆಳಗೆ 15 ಸೆಕೆಂಡಿನ ನೋಟು:

‘ನಮಸ್ಕಾರ ಅಮ್ಮ. ನನ್ನ ಹೆಸರು ಇಂಥದ್ದು, ಹಾಸನದ ಕಡೆಯವನು, ಇಲ್ಲೇ ಜೆ.ಪಿ. ನಗರದಲ್ಲಿ ಕೆಲಸ. ನಿಮ್ಮ ಮನೆಯ ಬೋರ್ಡ್ ನೋಡಿದೆ. ನಾನು, ನನ್ನ ಹೆಂಡತಿ ಇಬ್ಬರೇ. ಭಾನುವಾರ ಬೆಳಗ್ಗೆ ಬಂದು ನೋಡಬಹುದಾ ಅಮ್ಮ?’

ಎಲ್ಲೆಲ್ಲಿ ಏನು ಮಾಡಿದ ಅಂತ ಹೇಳುತ್ತೇನೆ. ‘ನಮಸ್ಕಾರ ಅಮ್ಮ’ ಆದ ಮೇಲೆ ಪೂರ್ತಿ ನಿಲ್ಲಿಸಿದ, ಅರ್ಧ ಸೆಕೆಂಡಿನಷ್ಟು. ಆ ಬಿಡುವಿನಲ್ಲಿ ಕೇಳುವವರು ಮನಸ್ಸಿನಲ್ಲೇ ನಮಸ್ಕಾರ ಅಂದುಬಿಡುತ್ತಾರೆ. ಹೆಸರನ್ನು ಮಿಕ್ಕ ಮಾತಿಗಿಂತ ನಿಧಾನವಾಗಿ ಹೇಳಿದ. ನಮ್ಮ ಹೆಸರು ನಮಗೆ ಸಾವಿರ ಸಲ ಹೇಳಿ ರೂಢಿ, ಓಡಿಸಿಬಿಡುತ್ತೇವೆ, ಅವರಿಗೆ ಅದು ಮೊದಲ ಸಲ. ‘ಇಬ್ಬರೇ’ ಅನ್ನುವಲ್ಲಿ ದನಿ ಇಳಿಸಿದ, ಅದು ಮುಗಿದ ಮಾಹಿತಿ. ‘ನೋಡಬಹುದಾ’ದ ‘ದಾ’ದಲ್ಲಿ ಏರಿಸಿ, ‘ಅಮ್ಮ’ದಲ್ಲಿ ಮೆಲ್ಲಗೆ ಇಳಿದ. ‘ಅಮ್ಮ’ ಇಲ್ಲದೆ ‘ನೋಡಬಹುದಾ’ದಲ್ಲೇ ನಿಲ್ಲಿಸಿದ್ದರೆ ಪ್ರಶ್ನೆ ಗಾಳಿಯಲ್ಲಿ ನೇತಾಡುತ್ತಿತ್ತು.

ಬಾಡಿಗೆ, ಅಡ್ವಾನ್ಸ್ ಎತ್ತಲೇ ಇಲ್ಲ. ದುಡ್ಡಿನ ಮಾತು ಬಂದರೆ ಎಷ್ಟೇ ಸೌಮ್ಯವಾಗಿ ಹೇಳಿದರೂ ಮೊದಲ ನೋಟಿನಲ್ಲಿ ವ್ಯಾಪಾರದ ವಾಸನೆ ಬರುತ್ತದೆ. ಅದಕ್ಕೆ ಎರಡನೇ ಮೆಸೇಜ್ ಇದೆ.

‘ಅಮ್ಮ’ ಅನ್ನುವುದು ಎಲ್ಲರಿಗೂ ಸರಿಹೋಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಓನರ್‌ಗೆ ನಲವತ್ತೈದಾಗಿದ್ದರೆ ‘ಮೇಡಂ’ ಅನ್ನಬೇಕು. ಇಲ್ಲದಿದ್ದರೆ ಟೋನ್ ಎಷ್ಟೇ ಚೆನ್ನಾಗಿದ್ದರೂ ಮನೆ ಸಿಗುವುದು ಕಷ್ಟ!

ಉತ್ತರ ದನಿಯಲ್ಲೇ ಬಂತು. ‘ಬನ್ನಿಪ್ಪಾ, ಹತ್ತರ ಮೇಲೆ ಬನ್ನಿ, ಮುಂಚೆ ಪೂಜೆ ಇರುತ್ತೆ.’

## ಇನ್ನೂ ಸ್ವಲ್ಪ ಒಳಗೆ

ಎಲ್ಲಿ ಕೂತು ರೆಕಾರ್ಡ್ ಮಾಡ್ಬೇಕು? ಮನೇಲಿ ಮಾಡಿದ್ರೂ ಬಾವಿಯೊಳಗಿಂದ ಬಂದ ಹಾಗಿರುತ್ತೆ.

ನಮ್ಮ ಮನೆಗಳಲ್ಲಿ ನೆಲಕ್ಕೆ ಗ್ರಾನೈಟು, ಟೈಲ್ಸು, ಗೋಡೆ ಬೋಳು. ದನಿ ಬಡಿದು ವಾಪಸ್ ಬರುತ್ತದೆ. ಆ ಗುಂಯ್‌ಗುಟ್ಟುವಿಕೆ ಕೇಳುವವರಿಗೆ ‘ದೂರ’ ಅನ್ನಿಸುತ್ತದೆ. ನೀವು ಆತ್ಮೀಯವಾಗಿ ಹೇಳಿದರೂ ಹಾಲಿನ ಆ ತುದಿಯಿಂದ ಹೇಳಿದಂತೆ. ಬೆಡ್‌ರೂಮಿಗೆ ಹೋಗಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ಮಾತಾಡಿ ನೋಡಿ. ಬಟ್ಟೆ ಸದ್ದನ್ನು ಹೀರುತ್ತದೆ. ಮೊಬೈಲಿನ ಮೈಕು ಇರುವುದು ಸಾಮಾನ್ಯವಾಗಿ ಕೆಳ ಅಂಚಿನಲ್ಲಿ. ಅದು ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ತುಂಬಾ ಹತ್ತಿರ ಹಿಡಿದರೆ ‘ಪ’, ‘ಬ’ ಬಂದಾಗಲೆಲ್ಲ ಗಾಳಿ ಡಬ್ ಅನ್ನುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತುತ್ತಾ ಹೊಸ ಕ್ಲೈಂಟ್ ಒಬ್ಬರಿಗೆ ಮೊದಲ ನೋಟು ಕಳಿಸಿದೆ. ‘ನಮಸ್ಕಾರ ಸರ್, ನಿಮ್ಮ ಸ್ಕ್ರಿಪ್ಟ್ ಬಂತು, ನಾಳೆ ಮಾಡಿಕೊಡ್ತೀನಿ.’ ಅಷ್ಟೇ. ಸಂಜೆ ಅವರು ಫೋನ್ ಮಾಡಿ ‘ಏನಾದ್ರೂ ಬೇಜಾರಾಯ್ತಾ ಮೇಡಂ, ರೇಟ್ ಕಡಿಮೆ ಆಯ್ತಾ’ ಅಂದರು. ಏದುಸಿರಿಗೆ ನನ್ನ ಮಾತು ಮೂರು ಮೂರು ಪದಕ್ಕೆ ತುಂಡಾಗಿತ್ತು. ಕೇಳಿದವರಿಗೆ ಅದು ಕೋಪವನ್ನು ಹಲ್ಲು ಕಚ್ಚಿ ತಡೆದುಕೊಂಡಂತೆ. ದನಿಯ ಕೆಲಸದವಳೇ ಹೀಗೆ ಮಾಡಿದೆ. ಈಗ ಮೆಟ್ಟಿಲ ಮೇಲೆ ರೆಕಾರ್ಡ್ ಮಾಡುವುದಿಲ್ಲ.

ಹಿಂದೆ ಕುಕ್ಕರ್ ಕೂಗಿದರೆ, ನಾಯಿ ಬೊಗಳಿದರೆ ತೊಂದರೆ ಇಲ್ಲ, ಅದೇನೆಂದು ಕೇಳುವವರಿಗೆ ತಿಳಿಯುತ್ತದೆ. ತೊಂದರೆ ಇರುವುದು ಆ ಸದ್ದಿನ ಮೇಲೆ ನೀವು ದನಿ ಏರಿಸಿದಾಗ.

ಅವರು 2x ಹಾಕಿ ಕೇಳಿದ್ರೆ ನನ್ನ ಟೋನ್ ಕಥೆ ಏನು?

2021ರಲ್ಲಿ ವಾಟ್ಸಾಪ್ 1.5x ಮತ್ತು 2x ಕೊಟ್ಟಿತು. ಇದರಲ್ಲಿ ದನಿ ಇಲಿಯ ದನಿಯಾಗುವುದಿಲ್ಲ, ಏರಿಳಿತದ ಎತ್ತರ ಹಾಗೇ ಉಳಿಯುತ್ತದೆ. ಕುಗ್ಗುವುದು ಕಾಲ. ಮರ್ಯಾದೆಗೆ ಎಳೆದ ಆ ಬಾಲಗಳೂ ಬಿಡುವುಗಳೂ ಅರ್ಧಕ್ಕರ್ಧ. ‘ಬನ್ನೀ’ ಮತ್ತೆ ‘ಬನ್ನಿ’ ಆಗುತ್ತದೆ. ಮೊದಲೇ ವೇಗವಾಗಿ ಮಾತಾಡುವವರು 2xನಲ್ಲಿ ಜಗಳಗಂಟರಂತೆ ಕೇಳುತ್ತಾರೆ. ನಿಧಾನದವರು ಬಚಾವ್. ನೋಟು ಹದಿನೈದು ಸೆಕೆಂಡಿದ್ದರೆ ಸ್ಪೀಡ್ ಹಾಕುವ ಗೊಡವೆಗೆ ಯಾರೂ ಹೋಗುವುದಿಲ್ಲ ಅನ್ನುವುದೇ ಇದಕ್ಕೆ ಮದ್ದು.

ಅವರೊಬ್ಬರೇ ಕೇಳ್ತಾರೆ ಅಂತ ಅನ್ಕೊಬಹುದಾ?

ಬೇಡ. ಕಿವಿಗೆ ಹಿಡಿದರೆ ಫೋನ್ ಮಾತಿನ ಹಾಗೆ ಅವರಿಗೆ ಮಾತ್ರ ಕೇಳುವ ಅನುಕೂಲ ಇದೆ. ಆದರೂ ಹಿರಿಯರು ಸ್ಪೀಕರ್‌ನಲ್ಲೇ ಹಾಕುತ್ತಾರೆ, ಅಡುಗೆಮನೆಯಲ್ಲಿ ಕೈ ಒದ್ದೆ ಇರುತ್ತದೆ, ಮೊಮ್ಮಗನ ಹತ್ತಿರ ‘ಅದೇನು ಹಾಕೋ’ ಅನ್ನುತ್ತಾರೆ. ನಿಮ್ಮ ಮೊದಲ ನಮಸ್ಕಾರ ಇಡೀ ಮನೆಗೆ ಹೇಳಿದ್ದು ಅಂದುಕೊಂಡೇ ಮಾತಾಡಿ. ಪಿಸುದನಿಯಲ್ಲಿ ಹೇಳಿದ್ದನ್ನು ಸ್ಪೀಕರ್‌ನಲ್ಲಿ ಕೇಳಿದರೆ ಏನೋ ಗುಟ್ಟು ಅನಿಸುತ್ತದೆ.

‘ಮಾತಲ್ಲಿ ನೂರಕ್ಕೆ 93 ಟೋನೇ, ಪದ ಬರೀ 7’ ಅಂತ ಟ್ರೈನಿಂಗಲ್ಲಿ ಹೇಳಿದ್ರು. ಹೌದಾ?

ಬೆಂಗಳೂರಿನ ಆಫೀಸು ಟ್ರೈನಿಂಗ್‌ಗಳಲ್ಲಿ ಇದು ಪುಳಿಯೋಗರೆಯ ಹಾಗೆ, ಎಲ್ಲ ಕಡೆ ಬಡಿಸುತ್ತಾರೆ. ಇದರ ಮೂಲ ಆಲ್ಬರ್ಟ್ ಮೆಹ್ರೇಬಿಯನ್ ಅನ್ನುವವರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಅಲ್ಲಿ 93ರಲ್ಲಿ ದನಿಗೆ 38, ಮುಖಕ್ಕೆ 55. ವಾಯ್ಸ್ ನೋಟಿನಲ್ಲಿ ಮುಖವೇ ಇಲ್ಲ! ಅದೂ ಅಲ್ಲದೆ ಅವರು ನೋಡಿದ್ದು ಇಷ್ಟ ಅನ್ನುವ ಪದವನ್ನು ಇಷ್ಟವಿಲ್ಲದ ದನಿಯಲ್ಲಿ ಹೇಳಿದರೆ ಕೇಳುವವರು ಯಾವುದನ್ನು ನಂಬುತ್ತಾರೆ ಅನ್ನುವುದನ್ನು. ಎಲ್ಲ ಮಾತಿಗೂ ಆ ಲೆಕ್ಕ ಹೊಂದುವುದಿಲ್ಲ ಅಂತ ಅವರೇ ಹೇಳಿದ್ದಾರೆ. ‘ಭಾನುವಾರ ಹತ್ತಕ್ಕೆ’ ಅನ್ನುವುದರಲ್ಲಿ ಪದವೇ ಎಲ್ಲ. ಅದನ್ನು ಯಾವ ರಾಗದಲ್ಲಿ ಹೇಳಿದರೂ ಸೋಮವಾರ ಆಗುವುದಿಲ್ಲ.

ಮೈಕ್ ಗುರುತು ನೀಲಿ ಆಗಿದೆ. ಎರಡು ದಿನ ಆಯ್ತು, ಉತ್ತರ ಇಲ್ಲ. ಟೋನ್ ಹಿಡಿಸಲಿಲ್ವಾ?

ನೀಲಿ ಮೈಕ್ ಅಂದರೆ ನೋಟನ್ನು ಪ್ಲೇ ಮಾಡಿದರು ಅಂತ ಮಾತ್ರ. ಟೈಪ್ ಮಾಡಿದ ಮೆಸೇಜಿಗೆ ಓದಿದ ಗುರುತು ಬಾರದಂತೆ ಮುಚ್ಚಿಡಬಹುದು, ವಾಯ್ಸ್‌ಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಟೈಪ್ ಮೆಸೇಜಿಗೆ ಗೊತ್ತಾಗದಿದ್ದ ಸಂಗತಿ ಇಲ್ಲಿ ಗೊತ್ತಾಗಿ ತಲೆ ತಿನ್ನುತ್ತದೆ. ಅವರು ಮೊದಲ ಮೂರು ಸೆಕೆಂಡು ಕೇಳುವಷ್ಟರಲ್ಲಿ ಮೆಟ್ರೋ ಬಂದಿರಬಹುದು. ದನಿಗೆ ದನಿಯಲ್ಲೇ ಉತ್ತರಿಸಬೇಕು ಅಂದುಕೊಂಡು ಸದ್ದಿಲ್ಲದ ಜಾಗಕ್ಕೆ ಕಾಯುತ್ತಿರಲೂಬಹುದು. ನಾಚಿಕೆಯ ಜನ ಹೀಗೇ ಮಾಡುವುದು. ಅವರಿಗೆ ಒಂದು ದಾರಿ ಮಾಡಿಕೊಡಿ: ‘ಬಿಡುವಾದಾಗ ಟೈಪ್ ಮಾಡಿದರೂ ಸಾಕು’ ಅಂತ ಒಂದು ಸಾಲು ಹಾಕಿ. ಇನ್ನೊಂದು ವಾಯ್ಸ್ ಮಾತ್ರ ಬೇಡ.

ತಪ್ಪು ಟೋನಲ್ಲಿ ಹೋಗ್ಬಿಟ್ಟಿದೆ. ಡಿಲೀಟ್ ಮಾಡ್ಲಾ?

ಮೈಕ್ ಇನ್ನೂ ಬೂದು ಬಣ್ಣದಲ್ಲಿದ್ದರೆ ಮಾಡಿ. ಡಿಲೀಟ್ ಆದ ಗುರುತು ಅಲ್ಲಿ ಉಳಿಯುತ್ತದೆ, ಅದಕ್ಕೆ ಕೆಳಗೆ ‘ಗಲಾಟೆ ಜಾಸ್ತಿ ಇತ್ತು, ಮತ್ತೆ ಕಳಿಸುತ್ತಿದ್ದೇನೆ’ ಅಂತ ಬರೆದು ಹೊಸದು ಹಾಕಿ.

ನೀಲಿಯಾಗಿದ್ದರೆ ಮುಟ್ಟಬೇಡಿ. ಕೇಳಿದ ಮೇಲೆ ಅಳಿಸಿದರೆ ಅವರಿಗೆ ಅನಿಸಿದ್ದೇ ನಿಜ ಅಂತ ನೀವೇ ಸಹಿ ಹಾಕಿದ ಹಾಗೆ. ‘ಮೆಟ್ಟಿಲು ಹತ್ತುತ್ತಾ ಮಾತಾಡಿದೆ, ದನಿ ಹೇಗೋ ಬಂದಿದೆ’ ಅಂತ ಕಾರಣ ಹೇಳಿದರೆ ಮುಗಿಯಿತು. ಎರಡು ದಿನ ಬಿಟ್ಟು ‘ನನ್ನ ಟೋನ್ ತಪ್ಪಾಯ್ತಾ’ ಅಂತ ಕೇಳಬೇಡಿ. ಅಲ್ಲಿಯ ತನಕ ಅವರಿಗೆ ಏನೂ ಅನಿಸಿರಲಿಕ್ಕಿಲ್ಲ. ಆಮೇಲೆ ಹೋಗಿ ಮತ್ತೆ ಹಾಕಿ ಕೇಳುತ್ತಾರೆ, ತಪ್ಪು ಹುಡುಕಿಯೇ ಹುಡುಕುತ್ತಾರೆ.

ನನಗೇ ಒಬ್ಬರ ಮೊದಲ ವಾಯ್ಸ್ ಬಂದಿದೆ. ಕೋಪಾನಾ, ಅವರು ಇರೋದೇ ಹಾಗಾ, ಗೊತ್ತಾಗ್ತಿಲ್ಲ.

ಒಂದೇ ನೋಟಿನಿಂದ ಗೊತ್ತಾಗುವುದೂ ಇಲ್ಲ. ಅವರ ಮಾಮೂಲು ದನಿ ಎಷ್ಟು ಎತ್ತರ, ಎಷ್ಟು ವೇಗ ಅನ್ನುವ ಅಳತೆ ನಿಮ್ಮ ಹತ್ತಿರ ಇಲ್ಲ. ಹುಟ್ಟಾ ಗಟ್ಟಿ ದನಿಯವರೂ ಇರುತ್ತಾರೆ, ಹಿಂದೆ ಮಿಕ್ಸಿ ಓಡುತ್ತಿದ್ದವರೂ ಇರುತ್ತಾರೆ. ದನಿ ಬಿಟ್ಟು ಎರಡು ಸಂಗತಿ ಗಮನಿಸಿ. ನಿಮ್ಮನ್ನು ಏನಂತ ಕರೆದರು, ಕೊನೆಯ ಪದವನ್ನು ಪೂರ್ತಿ ಹೇಳಿದರಾ. ಕೋಪ ಬಂದವರು ಸಾಮಾನ್ಯವಾಗಿ ಕರೆಯುವ ಪದವನ್ನು ನುಂಗುತ್ತಾರೆ. ‘ನೋಡಿ ಸರ್’ ಅನ್ನುವಲ್ಲಿ ‘ಸರ್’ ಇರುವುದಿಲ್ಲ, ಬರೀ ‘ನೋಡಿ’ ಇರುತ್ತದೆ.

ಆಮೇಲೆ ಉತ್ತರ ಬೇಕಾಗುವ ಚಿಕ್ಕ ಪ್ರಶ್ನೆ ಒಂದನ್ನು ಕಳಿಸಿ, ಎಷ್ಟು ಗಂಟೆಗೆ ಬರಲಿ ಅನ್ನುವಂಥದ್ದು. ಎರಡನೇ ನೋಟು ಬಂದಾಗ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಮೊನ್ನೆ ನಮ್ಮ ಹೊಸ ಪ್ಲಂಬರ್ ಮೊದಲ ನೋಟಿನಲ್ಲಿ ‘ಹಾಂ, ಬರ್ತೀನಿ’ ಅಂತ ಗುಡುಗಿದ್ದರು. ಯಾಕಪ್ಪಾ ಇವರನ್ನು ಕರೆದೆ ಅನಿಸಿತ್ತು. ಎರಡನೆಯದರಲ್ಲಿ ‘ಹನ್ನೊಂದಕ್ಕೆ ಬರ್ತೀನಿ ಅಕ್ಕಾ’ ಅಂತ ಅದೇ ಗುಡುಗು. ಹನ್ನೊಂದಕ್ಕೆ ಬಂದರು, ನಲ್ಲಿಯನ್ನೂ ಅದೇ ದನಿಯಲ್ಲಿ ಮಾತಾಡಿಸುತ್ತಾ ರಿಪೇರಿ ಮಾಡಿದರು.